ಮೇಲಿನ ಮನೆಯ ಮಿಕ್ಸಿ, ಕೆಳಗಿನ ಮನೆಯ ನಿದ್ದೆ

ಕಾರವಾರದ ಕಾಜುಬಾಗದಲ್ಲಿ ನಮ್ಮ ದೊಡ್ಡಪ್ಪನ ಮಗನದ್ದೊಂದು ಕಟ್ಟಡ ಇದೆ. ಕೆಳಗೆ ಎರಡು ಮನೆ, ಮೇಲೆ ಎರಡು ಮನೆ. ಅಣ್ಣ ಊರಲ್ಲಿ ಇಲ್ಲ. ಬಾಡಿಗೆ, ರಿಪೇರಿ, ನೀರು, ಕರೆಂಟು ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಕೆಳಗಿನ ಮನೆಯ ಸಿಸ್ಟರ್ ಫೋನ್ ಮಾಡಿದರು. ಅವರು ಆಸ್ಪತ್ರೆಯಲ್ಲಿ ನರ್ಸ್. ದನಿ ನಡುಗುತ್ತಿತ್ತು.

"ಮೇಲಿನವರಿಗೆ ನೀವೇ ಒಂದು ಮಾತು ಹೇಳಿ. ಇಷ್ಟು ದಿನ ಸುಮ್ಮನಿದ್ದರು, ಈಗ ಬೇಕಂತಲೇ ಶುರು ಮಾಡಿದ್ದಾರೆ. ನಾನು ನಿದ್ದೆ ಮಾಡದೆ ಎಷ್ಟು ದಿನ ಆಯ್ತು ಗೊತ್ತಾ?"

ಇಂಥ ಫೋನ್ ಬಂದಾಗ ಯಾರಾದರೂ ಮೊದಲು ಮಾಡುವ ಕೆಲಸ ಒಂದೇ. ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿ, "ಕೆಳಗಿನವರಿಗೆ ತೊಂದರೆ ಆಗ್ತಾ ಇದೆಯಂತೆ, ಸ್ವಲ್ಪ ನೋಡಿಕೊಳ್ಳಿ" ಎನ್ನುವುದು. ನಾನೂ ಹಿಂದೆ ಹಾಗೇ ಮಾಡುತ್ತಿದ್ದೆ. ಹಾಗೆ ಮಾಡಿದಾಗಲೆಲ್ಲ ಎರಡು ಮನೆಯವರು ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವಂತಾಗಿದೆ. ಏಕೆಂದರೆ ಆ ಒಂದು ಮಾತಿನಲ್ಲಿ ಯಾವ ಸದ್ದು, ಎಷ್ಟು ಹೊತ್ತಿಗೆ, ಯಾವ ಕೋಣೆಗೆ ಎಂಬುದು ಯಾವುದೂ ಇಲ್ಲ. ಉಳಿಯುವುದು ದೂರು ಮಾತ್ರ. ಕೇಳಿಸಿಕೊಂಡವರಿಗೆ ಏನು ಬದಲಿಸಬೇಕು ಎಂದು ತಿಳಿಯುವುದಿಲ್ಲ. ತಮ್ಮ ಮೇಲೆ ಯಾರೋ ದೂರಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ.

ಈಗ ನನ್ನದೊಂದು ನಿಯಮ ಇದೆ. ದೂರು ಕೊಟ್ಟವರ ಕೋಣೆಯಲ್ಲಿ ಕೂತು ಆ ಸದ್ದನ್ನು ನನ್ನ ಕಿವಿಯಿಂದ ಕೇಳುವವರೆಗೆ ಇನ್ನೊಂದು ಮನೆಗೆ ಒಂದು ಮಾತೂ ಹೇಳುವುದಿಲ್ಲ.

ಮೊದಲು ಕೆಳಗೆ

ಅದೇ ಸಂಜೆ ಸಿಸ್ಟರ್ ಮನೆಗೆ ಹೋದೆ. ಚಾ ಕೊಟ್ಟರು. ಮೊದಲ ಹದಿನೈದು ನಿಮಿಷ ನಾನು ಏನೂ ಕೇಳಲಿಲ್ಲ, ಅವರಿಗೆ ಹೇಳಲು ಬಿಟ್ಟೆ. ನಿದ್ದೆಗೆಟ್ಟವರಿಗೆ ಮೊದಲು ಬೇಕಾದದ್ದು ಯಾರಾದರೂ ಪೂರ್ತಿ ಕೇಳುವುದು. ನಡುವೆ "ಅವರು ಒಳ್ಳೆಯವರೇ ಅಲ್ವಾ" ಎಂದರೆ ಕೆಟ್ಟಿತು. ನಾನು ಆಗಲೇ ಮೇಲಿನವರ ಕಡೆ ಎಂದು ಅವರಿಗೆ ಅನಿಸಿಬಿಡುತ್ತದೆ.

ಹೇಳಿ ಮುಗಿದ ಮೇಲೆ ಒಂದು ಹಳೆಯ ಕ್ಯಾಲೆಂಡರ್ ಹಾಳೆ ಕೊಟ್ಟು ಕೇಳಿಕೊಂಡೆ. "ಮೂರು ದಿನ ಇದರಲ್ಲಿ ಬರೆಯಿರಿ. ಎಚ್ಚರ ಆದಾಗ ಗಂಟೆ ಎಷ್ಟು, ಸದ್ದು ಯಾವ ಥರ, ಎಷ್ಟು ಹೊತ್ತು. ಯಾರು ಮಾಡಿದ್ದು ಅಂತ ಬರೆಯಬೇಡಿ."

ಕೊನೆಯ ಮಾತು ಮುಖ್ಯ. ಯಾರು ಎಂದು ಬರೆಯಲು ಶುರು ಮಾಡಿದರೆ ಮನಸ್ಸು ಕಿವಿಗಿಂತ ಮುಂದೆ ಓಡುತ್ತದೆ. ಎಲ್ಲ ಸದ್ದೂ ಒಬ್ಬರದ್ದೇ ಅನಿಸತೊಡಗುತ್ತದೆ.

ಮೂರು ದಿನದ ಹಾಳೆಯಲ್ಲಿ ಮೂರು ಥರದ ಸದ್ದು ಇತ್ತು. ರಾತ್ರಿ ಹತ್ತೂವರೆಯಿಂದ ಹನ್ನೊಂದರ ನಡುವೆ "ಕರ್ರ್" ಎಂದು ಏನನ್ನೋ ಎಳೆಯುವುದು. ಬೆಳಗಿನ ಜಾವ ನಾಲ್ಕೂವರೆಯ ಆಸುಪಾಸು ಒಂದೇ ಸಲ "ಢಬ್" ಎನ್ನುವುದು. ಐದೂಕಾಲಕ್ಕೆ ಗುಂಯ್‌ಗುಟ್ಟುವ ಸದ್ದು, ನಾಲ್ಕೈದು ನಿಮಿಷ, ಬಿಟ್ಟುಬಿಟ್ಟು. ಸಿಸ್ಟರ್ ಲೆಕ್ಕದಲ್ಲಿ ಮೂರೂ ಮೇಲಿನ ಮನೆಯದ್ದೇ. "ನಾಲ್ಕೂವರೆಗೆ ಎದ್ದು ಏನನ್ನೋ ನೆಲಕ್ಕೆ ಬಿಸಾಡ್ತಾರೆ" ಎಂದರು.

ಆಗ ನಾನು ಕೇಳಿದ ಇನ್ನೊಂದು ಪ್ರಶ್ನೆಗೆ ಸಿಕ್ಕ ಉತ್ತರವೇ ಮುಂದೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. "ಇದು ಯಾವಾಗಿಂದ?" ಎಂದೆ. "ದಸರಾ ಆದ ಮೇಲೆ. ಅದಕ್ಕೂ ಮುಂಚೆ ಒಂದು ದಿನವೂ ಇರಲಿಲ್ಲ" ಎಂದರು. ಅವರು ಆ ಮನೆಗೆ ಬಂದದ್ದು ಜೂನ್‌ನಲ್ಲಿ.

ಮಳೆ ನಿಂತಾಗ ಕೇಳಿಸುವ ಸದ್ದು

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಮ್ಮ ಕಟ್ಟಡದ ಟೆರೇಸಿಗೆ, ಇಲ್ಲಿನ ತುಂಬಾ ಮನೆಗಳ ಹಾಗೆ, ತಗಡಿನ ಶೀಟು ಹೊದಿಸಿದೆ. ಹಿತ್ತಿಲ ಕಡೆಯ ಬಚ್ಚಲಿನ ಮೇಲೂ ಶೀಟು. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಆ ಆರ್ಭಟದ ಅಡಿಯಲ್ಲಿ ಮಿಕ್ಸಿ ಸದ್ದು ಮುಳುಗಿಹೋಗುತ್ತದೆ. ನಮ್ಮ ಕಿವಿ ಒಂದು ಸದ್ದನ್ನು ಯಾವಾಗಲೂ ಸುತ್ತಲಿನ ಸದ್ದಿಗೆ ಹೋಲಿಸಿಯೇ ಕೇಳುತ್ತದೆ. ಅದೇ ಮಿಕ್ಸಿ, ಅದೇ ಹೊತ್ತು. ಆದರೆ ಅಕ್ಟೋಬರ್‌ನಲ್ಲಿ ಮಳೆ ಇಲ್ಲ, ಚಳಿ ಇನ್ನೂ ಬಂದಿಲ್ಲ, ಸೆಖೆಗೆ ಕಿಟಕಿ ತೆರೆದಿದೆ. ಬೆಳಗಿನ ಜಾವದ ಆ ನಿಶ್ಶಬ್ದದಲ್ಲಿ ಅದು ತಲೆಯೊಳಗೇ ತಿರುಗಿದ ಹಾಗೆ ಕೇಳುತ್ತದೆ.

ಆಮೇಲೆ ಮೇಲಿನ ಮನೆಯ ಅಕ್ಕನನ್ನು ಮಾತಾಡಿಸಿದಾಗ ಅವರು ಅಂದದ್ದು, "ನಾವು ಎರಡು ವರ್ಷದಿಂದ ಹೀಗೇ ಇದ್ದೇವೆ, ಹೊಸದಾಗಿ ಎಂತದೂ ಮಾಡ್ಲಿಲ್ಲ." ಇಬ್ಬರು ಹೇಳಿದ್ದೂ ನಿಜ. ಸಿಸ್ಟರ್‌ಗೆ ಸದ್ದು ಹೊಸತು, ಅಕ್ಕನಿಗೆ ಹಳೆಯದು. ಹಿಂದೆ ಕೆಳಗಿದ್ದವರು ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದರು. ಸಿಸ್ಟರ್ ಮಲಗುವುದು ಹಿಂದಿನ ಕೋಣೆಯಲ್ಲಿ, ಅದರ ನೇರ ಮೇಲೆ ಅಕ್ಕನ ಅಡುಗೆಮನೆ. ಸದ್ದಿನ ಜಗಳಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. "ನೀವು ಈಗ ಶುರು ಮಾಡಿದ್ದು" ಎಂದು ಒಬ್ಬರು, "ಸುಳ್ಳು ಹೇಳ್ತಾರೆ" ಎಂದು ಇನ್ನೊಬ್ಬರು. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು ಎಂದು ನಡುವೆ ನಿಂತವರಿಗೆ ಹೊಳೆಯದಿದ್ದರೆ ಮುಂದೆ ದಾರಿಯಿಲ್ಲ.

ಸದ್ದು ಹೇಗೆ ಇಳಿಯುತ್ತದೆ

ನಾಲ್ಕನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ನನ್ನ ಹೆಂಡತಿಯನ್ನೂ ಕರೆದುಕೊಂಡು ಸಿಸ್ಟರ್ ಮನೆಗೆ ಹೋದೆ. ಹಿಂದಿನ ಕೋಣೆಯಲ್ಲಿ ದೀಪ ಆರಿಸಿ ಕೂತೆವು. 4.35ಕ್ಕೆ "ಢಬ್" ಬಂತು. ಸಿಸ್ಟರ್ ನನ್ನ ಮುಖ ನೋಡಿದರು, "ಕೇಳಿತಾ?" ಎನ್ನುವ ಹಾಗೆ. ನಾನು ಗೋಡೆಗೆ ಕೈ ಇಟ್ಟಿದ್ದೆ. ಸದ್ದು ಬಂದದ್ದು ಮಾಡಿನಿಂದ ಅಲ್ಲ, ಬಲಗಡೆಯ ಗೋಡೆಯಿಂದ. ಆ ಗೋಡೆಯ ಹೊರಮೈಗೆ ಬಾವಿಯಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪ್ ಇದೆ.

ನಮ್ಮ ಬಾವಿಯ ಮೋಟಾರ್‌ಗೆ ಆಟೋ ಸ್ವಿಚ್ ಹಾಕಿಸಿದ್ದೇವೆ. ಟ್ಯಾಂಕಿಯಲ್ಲಿ ನೀರು ಇಳಿದರೆ ತಾನಾಗಿ ಚಾಲೂ ಆಗುತ್ತದೆ, ತುಂಬಿದರೆ ನಿಲ್ಲುತ್ತದೆ. ಮೋಟಾರ್ ನಿಂತ ಕ್ಷಣ ಮೇಲಕ್ಕೆ ಏರುತ್ತಿದ್ದ ನೀರು ಒಮ್ಮೆಲೇ ಕೆಳಕ್ಕೆ ತಿರುಗುತ್ತದೆ. ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಹಳೆಯದಾಗಿ ತಡವಾಗಿ ಮುಚ್ಚಿಕೊಂಡರೆ, ಆ ನೀರಿನ ಭಾರವೆಲ್ಲ ಅದರ ಮೇಲೆ ಬಡಿಯುತ್ತದೆ. ಪೈಪ್ ಪೂರ್ತಿ ಒಂದು ಸಲ ಕುಲುಕುತ್ತದೆ. ಗೋಡೆಯ ಕ್ಲಾಂಪ್ ಸಡಿಲ ಇದ್ದರೆ ಪೈಪ್ ಗೋಡೆಗೆ ಬಡಿದು ಢಬ್. ಮೇಲಿನ ಮನೆಯವರು ಆ ಹೊತ್ತಿಗೆ ಇನ್ನೂ ಗಾಢ ನಿದ್ದೆಯಲ್ಲಿದ್ದರು. ಅಂದರೆ ಸಿಸ್ಟರ್ ತಿಂಗಳಿಂದ ಅವರ ಮೇಲೆ ಹೊರಿಸಿದ್ದ ಮೂರು ತಪ್ಪುಗಳಲ್ಲಿ ಒಂದು ನಮ್ಮ ಕಟ್ಟಡದ್ದು, ಅದನ್ನು ನೋಡಿಕೊಳ್ಳಬೇಕಾದ ನನ್ನದು.

5.15ಕ್ಕೆ ಮಿಕ್ಸಿ ಶುರುವಾಯಿತು. ಅದು ನಿಜವಾಗಿ ಜೋರಿತ್ತು. ಮಂಚದ ಕಾಲಿಗೆ ಕೈ ಇಟ್ಟರೆ ಕಂಪನ ತಿಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಮೇಲೆ ಗಂಡ ಹೆಂಡತಿ ಮಾತಾಡುವುದು ಒಂದಿಷ್ಟೂ ಕೇಳುತ್ತಿರಲಿಲ್ಲ. ಇದನ್ನು ಗಮನಿಸಬೇಕು.

ಕಟ್ಟಡದಲ್ಲಿ ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯಲ್ಲಿ. ಮಾತು, ಟಿವಿ, ಹಾಡು, ಮಗುವಿನ ಅಳು. ಇದನ್ನು ಸ್ಲ್ಯಾಬ್ ಚೆನ್ನಾಗಿಯೇ ತಡೆಯುತ್ತದೆ, ನಾಲ್ಕೈದು ಇಂಚಿನ ಕಾಂಕ್ರೀಟ್ ಸಾಕಷ್ಟು ಭಾರದ ವಸ್ತು. ಗಾಳಿಯ ಸದ್ದು ಬರುವುದು ಹೆಚ್ಚಾಗಿ ಕಿಟಕಿಯಿಂದ ಹೊರಗೆ ಹೋಗಿ ಇನ್ನೊಂದು ಕಿಟಕಿಯಿಂದ ಒಳಗೆ. ಕಿಟಕಿ ಮುಚ್ಚಿದರೆ ಅದು ಕಡಿಮೆಯಾಗುತ್ತದೆ. ಇನ್ನೊಂದು ದಾರಿ ಕಟ್ಟಡದ ಮೈಯಲ್ಲೇ. ಕುರ್ಚಿ ಎಳೆದರೆ, ಹಿಮ್ಮಡಿ ಊರಿ ನಡೆದರೆ, ಕಾಯಿ ಒಡೆದರೆ, ಮಿಕ್ಸಿ ತಿರುಗಿದರೆ ಅಲ್ಲಿ ನೆಲವೇ ನಡುಗುತ್ತದೆ. ಸ್ಲ್ಯಾಬ್, ಬೀಮ್, ಕಂಬ, ಗೋಡೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಆ ನಡುಕ ಇಡೀ ಕಟ್ಟಡಕ್ಕೆ ಹಬ್ಬುತ್ತದೆ, ಕೆಳಗಿನ ಮನೆಯ ಮಾಡು ಸ್ಪೀಕರ್‌ನಂತೆ ಅದನ್ನು ಸದ್ದಾಗಿ ಕೊಡುತ್ತದೆ. ಕಿಟಕಿ ಮುಚ್ಚಿ ಪ್ರಯೋಜನವಿಲ್ಲ. ಕಿವಿಗೆ ಹತ್ತಿ ಇಟ್ಟರೂ ಪೂರ್ತಿ ಹೋಗುವುದಿಲ್ಲ. ಕೆಳಗಿನ ಮನೆಯಲ್ಲಿ ಏನು ಮಾಡಿದರೂ ಜಾಸ್ತಿ ಉಪಯೋಗವಿಲ್ಲ. ನಡುಕ ಹುಟ್ಟುವ ಜಾಗದಲ್ಲೇ, ಅಂದರೆ ಮೇಲೆಯೇ, ಮೆತ್ತಗಿನ ಏನಾದರೂ ನಡುವೆ ಇಡಬೇಕು.

ಯಾವ ದಾರಿ ಎಂದು ತಿಳಿಯುವುದು ಸುಲಭ. ಮೇಲಿನವರ ಮಾತು ಕೇಳದೆ ಕುರ್ಚಿ ಮಾತ್ರ ಕೇಳಿದರೆ ಅದು ಕಟ್ಟಡದ ಮೈಯಲ್ಲಿ ಬರುವ ಸದ್ದು. ಇದಕ್ಕೆ ಇನ್ನೊಂದು ಗುಣ ಇದೆ, ಅದು ಎಲ್ಲಿಂದ ಬಂತು ಎಂದು ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಓರೆಯಲ್ಲಿರುವ ಮನೆಯ ಸದ್ದೂ ನೇರ ತಲೆಯ ಮೇಲಿಂದ ಬಂದಂತೆ ಕೇಳಬಹುದು. ಅದಕ್ಕೇ ದೂರು ಹಿಡಿದು ಬಂದ ಹೊತ್ತಿಗೆ ಯಾರ ಹೆಸರೂ ಹಿಡಿಯಬಾರದು.

ಫೋನಿನಲ್ಲಿ ಡೆಸಿಬಲ್ ತೋರಿಸುವ ಆಪ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಆ ಅಂಕಿ ಒಂದು ಫೋನಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಒಂದೇ ಫೋನನ್ನು ಒಂದೇ ಜಾಗದಲ್ಲಿ ಇಟ್ಟು ಮೊದಲು ಮತ್ತು ಆಮೇಲೆ ಎಂದು ಹೋಲಿಸಲು ಅದು ಸಾಕು. ಅದನ್ನು ಸಾಕ್ಷಿ ಮಾಡಿ ಯಾರ ಮುಂದೆಯೂ ಹಿಡಿಯಬೇಡಿ. ಆಗ ಜಗಳ ಅಂಕಿಯ ಮೇಲೆ ಶುರುವಾಗುತ್ತದೆ.

ಸಿಸ್ಟರ್‌ಗೆ ಕಾನೂನೂ ಗೊತ್ತಿತ್ತು. "ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು ಅಂತ ಇದೆ ಅಲ್ವಾ?" ಎಂದರು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ, ರಾತ್ರಿ ಎಂದರೆ ಹತ್ತರಿಂದ ಆರು. ಆದರೆ ಅದು ಒಂದು ಪ್ರದೇಶದ ಸುತ್ತಮುತ್ತಲ ಒಟ್ಟು ಸದ್ದಿನ ಲೆಕ್ಕ. ಧ್ವನಿವರ್ಧಕ, ಡಿಜೆ, ಪಟಾಕಿ, ಹಾರ್ನ್, ಇಂಥವನ್ನು ಹಿಡಿಯಲು ಆ ನಿಯಮ ಕೆಲಸಕ್ಕೆ ಬರುತ್ತದೆ. ಮೇಲಿನ ಮನೆಯ ಕುರ್ಚಿ, ಚಟ್ನಿ ಅರೆಯುವ ಮಿಕ್ಸಿ ಅದಕ್ಕೆ ಸಿಗುವುದಿಲ್ಲ. ಪೊಲೀಸರಿಗೆ ಫೋನ್ ಮಾಡಿದರೆ ಬಂದು ಇಬ್ಬರಿಗೂ ಬುದ್ಧಿ ಹೇಳಿ ಹೋಗಬಹುದು. ಮಿಕ್ಸಿ ಮಾತ್ರ ಕಟ್ಟೆಯ ಮೇಲೇ ಇರುತ್ತದೆ. ಇದನ್ನು ನಾನು ಸಿಸ್ಟರ್‌ಗೆ ನೇರವಾಗಿಯೇ ಹೇಳಿದೆ. ಅವರಿಗೆ ಬೇಸರ ಆಯಿತು. ಆದರೂ ಹೇಳಬೇಕಿತ್ತು.

ಮೇಲಿನ ಮನೆಯಲ್ಲಿ

ಮೊದಲು ಪ್ಲಂಬರ್ ಕರೆಸಿ ವಾಲ್ವ್ ಬದಲಿಸಿದೆ. ಕ್ಲಾಂಪ್‌ಗಳ ಒಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿ ಮಾಡಿಸಿದೆ. ರಾತ್ರಿ ಹತ್ತರಿಂದ ಆರರವರೆಗೆ ಮೋಟಾರ್‌ನ ಆಟೋ ಬಂದ್. ಅದಾದ ಮೇಲೆ, ಸಿಸ್ಟರ್‌ಗೆ ಮೊದಲೇ ತಿಳಿಸಿ, ಮೇಲೆ ಹೋದೆ.

ತಿಳಿಸದೆ ಹೋಗಬಾರದು. ದೂರು ಯಾರದ್ದು ಎಂದು ಮುಚ್ಚಿಡಲೂಬಾರದು. ನಾಲ್ಕೇ ಮನೆಯ ಕಟ್ಟಡದಲ್ಲಿ "ಯಾರೋ ಹೇಳಿದರು" ಎಂದರೆ ನಾಲ್ಕು ಮನೆಯೂ ಒಬ್ಬರನ್ನೊಬ್ಬರು ಅನುಮಾನಿಸುತ್ತವೆ. "ನಿಮ್ಮ ಹೆಸರು ಹೇಳ್ತೇನೆ, ಆದರೆ ನೀವು ಸಿಟ್ಟಲ್ಲಿ ಅಂದ ಮಾತು ಒಂದನ್ನೂ ಹೇಳುವುದಿಲ್ಲ" ಎಂದು ಸಿಸ್ಟರ್‌ಗೆ ಮಾತು ಕೊಟ್ಟಿದ್ದೆ. ಅವರು ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು ನನ್ನ ಫೋನಿನಲ್ಲೇ ಉಳಿದವು. ಅಂಥದ್ದೊಂದನ್ನು ಮುಂದಕ್ಕೆ ಕಳಿಸಿದ ದಿನ ನಡುವಿನವರ ಕೆಲಸ ಮುಗಿಯಿತು ಎಂದೇ ಲೆಕ್ಕ.

ಮೇಲಿನವರು ಶಿರಸಿ ಕಡೆಯವರು. ಅಕ್ಕ, ಅವರ ಯಜಮಾನರು, ಆರು ವರ್ಷದ ಮಗ. ಯಜಮಾನರಿಗೆ ಕೈಗಾ ಕಡೆ ಕೆಲಸ, ಬೆಳಿಗ್ಗೆ ಆರೂಕಾಲಕ್ಕೆ ಮನೆ ಬಿಡಬೇಕು. ತೆಳ್ಳೇವು ಎರೆದು, ಕಾಯಿಚಟ್ನಿ ಅರೆದು, ಡಬ್ಬಿ ಕಟ್ಟಬೇಕು. ನಾನು ಹೋದಾಗ ಅಕ್ಕ ಕಷಾಯ ಕೊಟ್ಟರು. ಕೂತ ಕೂಡಲೇ ಎರಡು ಮಾತು ಹೇಳಿದೆ. ಇದಕ್ಕೂ ಬಾಡಿಗೆ ಕರಾರಿಗೂ ಸಂಬಂಧ ಇಲ್ಲ. ಮತ್ತೆ, ನೀವು ಏನೋ ತಪ್ಪು ಮಾಡಿದ್ದೀರಿ ಅಂತ ಹೇಳಲು ಬಂದಿಲ್ಲ.

ಮನೆ ನೋಡಿಕೊಳ್ಳುವವನು ಸದ್ದಿನ ವಿಷಯ ಎತ್ತಿದರೆ ಬಾಡಿಗೆದಾರರಿಗೆ ಮೊದಲು ಹೊಳೆಯುವುದೇ "ಮನೆ ಬಿಡಿಸ್ತಾರಾ?" ಎಂಬ ಭಯ. ಆ ಭಯ ಇರುವವರೆಗೆ ನಿಜ ಮಾತು ಬರುವುದಿಲ್ಲ. "ನಾವು ಮಿಕ್ಸಿ ಹಾಕುವುದೇ ಇಲ್ಲ" ಎಂದುಬಿಡುತ್ತಾರೆ. ಡಿಪಾಸಿಟ್, ಕರಾರು, ಮುಂದಿನ ವರ್ಷದ ಬಾಡಿಗೆ, ಇದ್ಯಾವುದನ್ನೂ ಅದೇ ಮಾತಿನಲ್ಲಿ ತರಬಾರದು.

ಆಮೇಲೆ ನಾನು ಸಿಸ್ಟರ್ ಏನಂದರು ಎಂಬುದನ್ನು ಬಿಟ್ಟು, ಆ ಕೋಣೆಯಲ್ಲಿ ನನಗೆ ಏನು ಕೇಳಿತು ಎಂಬುದನ್ನು ಹೇಳಿದೆ. "ನಾನು ಐದೂಕಾಲಕ್ಕೆ ಕೆಳಗೆ ಕೂತಿದ್ದೆ. ನಿಮ್ಮ ಮಾತು ಒಂದೂ ಕೇಳಲಿಲ್ಲ. ಮಿಕ್ಸಿ ಮಾತ್ರ ಮಂಚದ ಕಾಲಲ್ಲಿ ನಡುಗಿತು." ಅಕ್ಕನ ಮುಖ ಬದಲಾಯಿತು. "ಅಯ್ಯೋ, ಅಷ್ಟು ಕೇಳ್ತದಾ? ನಮಗೆ ಗೊತ್ತೇ ಇಲ್ಲ ಮಾರಾಯ್ರೆ."

ಗೊತ್ತಿರಲು ಸಾಧ್ಯವೂ ಇಲ್ಲ. ಮೇಲೆ ನಿಂತವರಿಗೆ ಮಿಕ್ಸಿಯ ಗಾಳಿಯ ಸದ್ದು ಕೇಳುತ್ತದೆ, ಸ್ಲ್ಯಾಬಿನ ನಡುಕ ತಿಳಿಯುವುದಿಲ್ಲ.

ಒಳಗೆ ಹೋಗಿ ಮಿಕ್ಸಿ ನೋಡಿದೆ. ಗ್ರಾನೈಟ್ ಕಟ್ಟೆಯ ಮೂಲೆಯಲ್ಲಿ, ಗೋಡೆಗೆ ತಾಗಿಸಿ ಇಟ್ಟಿದ್ದರು. ಎತ್ತಿ ತಿರುಗಿಸಿದರೆ ಅಡಿಯಲ್ಲಿ ನಾಲ್ಕು ರಬ್ಬರ್ ಕಾಲಿನ ಜಾಗದಲ್ಲಿ ಮೂರೇ ಇದ್ದವು. ನಾಲ್ಕನೆಯದರ ಬದಲು ಮಡಚಿದ ಕಾಗದದ ತುಂಡು. ಉಳಿದ ಮೂರೂ ಉಗುರಿನ ಹಾಗೆ ಗಟ್ಟಿಯಾಗಿದ್ದವು. ಆ ರಬ್ಬರ್ ಕಾಲುಗಳ ಕೆಲಸವೇ ಮೋಟಾರಿನ ನಡುಕವನ್ನು ಕಟ್ಟೆಗೆ ಬಿಡದಿರುವುದು. ಅವು ಸತ್ತಿದ್ದರಿಂದ ಮಿಕ್ಸಿ ನಡುಕವನ್ನು ನೇರ ಕಲ್ಲಿಗೆ ಕೊಡುತ್ತಿತ್ತು. ಕಲ್ಲನ್ನು ಗೋಡೆಯೊಳಗೆ ಹೂತಿದ್ದರಿಂದ ಅದು ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ.

ಅಲ್ಲೇ ಒಂದು ಪರೀಕ್ಷೆ ಮಾಡಿದೆವು. ಸಿಸ್ಟರ್ ಒಪ್ಪಿಗೆ ಕೇಳಿ ನಾನು ಕೆಳಗೆ ಅವರ ಕೋಣೆಯಲ್ಲಿ ನಿಂತೆ, ಮೇಲೆ ಯಜಮಾನರು ಹತ್ತು ಸೆಕೆಂಡಿನಂತೆ ಮೂರು ಕಡೆ ಮಿಕ್ಸಿ ಹಾಕಿದರು. ಇದ್ದ ಜಾಗದಲ್ಲೇ ಇದ್ದ ಹಾಗೆ. ಆಮೇಲೆ ಅದೇ ಕಟ್ಟೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಅಡಿಗೆ ದಪ್ಪ ರಬ್ಬರ್ ಮ್ಯಾಟಿನ ಎರಡು ಪದರ. ಕೊನೆಗೆ ಮುಂದಿನ ಹಾಲ್‌ನ ಮರದ ಮೇಜಿನ ಮೇಲೆ, ಅದೇ ಮ್ಯಾಟ್ ಹಾಕಿ. ಮೊದಲನೆಯದು ಜೋರು. ಎರಡನೆಯದು ಅರ್ಧಕ್ಕೂ ಕಡಿಮೆ ಅನಿಸಿತು, ಆದರೂ ಎಚ್ಚರ ಆಗುವಷ್ಟು. ಮೂರನೆಯದು ಕಿವಿಗೊಟ್ಟರೆ ಮಾತ್ರ ಕೇಳುವ ಗುಂಯ್. ಮೂರನೆಯದಕ್ಕೆ ಸಿಸ್ಟರ್ ಬಾಗಿಲಲ್ಲಿ ನಿಂತು, "ಈಗ ಹಾಕಿದ್ದಾರಾ?" ಎಂದು ಕೇಳಿದರು.

ರಾತ್ರಿಯ "ಕರ್ರ್" ಎಂದರೆ ಊಟದ ಮೇಜಿನ ಕುರ್ಚಿಗಳು. ಯಜಮಾನರು ಊಟ ಆದ ಮೇಲೆ ನೆಲ ಒರೆಸಲು ಕುರ್ಚಿ ಸರಿಸುತ್ತಿದ್ದರು. ಕಾಲಿಗೆ ಹಾಕುವ ಬಟ್ಟೆಯ ಬಿಲ್ಲೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನೀರು ಹಾಕಿ ಒರೆಸುವ ನೆಲದಲ್ಲಿ ಅದರ ಅಂಟು ಬೇಗ ಬಿಡುತ್ತದೆ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕುರ್ಚಿ ಕಾಲಿನ ಅಳತೆಗೆ ಕತ್ತರಿಸಿ, ನಡುವಿಗೆ ಸಣ್ಣ ಮೊಳೆ ಹೊಡೆದು, ಮೊಳೆಯ ತಲೆ ರಬ್ಬರಿನೊಳಗೆ ಇಳಿಯುವ ಹಾಗೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಮಗನೂ ಅಪ್ಪನೂ ಭಾನುವಾರ ಕೂತು ಹದಿನಾರು ಕಾಲಿಗೂ ಹೊಡೆದರು.

ಮೇಲಿನವರಿಗೂ ಹೇಳಲು ಇತ್ತು

ನಾನು ಏಳುವ ಮೊದಲು, "ನಿಮಗೆ ಕೆಳಗಿನಿಂದ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿದೆ. ಇದನ್ನು ಕೇಳದೆ ಬರಬಾರದು. ಒಂದೇ ಕಡೆಯವರು ಬದಲಾಗಬೇಕು ಎಂದರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಎರಡು ವಾರದಿಂದ ಬೆಳಿಗ್ಗೆ ಮಿಕ್ಸಿ ಹಾಕಿದಾಗ ಕೆಳಗಿನಿಂದ ಕೋಲಲ್ಲಿ ಮಾಡಿಗೆ ಕುಟ್ಟುತ್ತಾರೆ. ಅದಕ್ಕೆ ಮಗ ಹೆದರಿ ಏಳುತ್ತಾನೆ. "ನಾವು ಎಂತ ತಪ್ಪು ಮಾಡಿದ್ದೇವೆ ಅಂತ ಯಾರೂ ಹೇಳಲಿಲ್ಲ, ಕುಟ್ಟಿದರು ಅಷ್ಟೇ." ಮತ್ತೆ, ಮಧ್ಯಾಹ್ನದ ಡ್ಯೂಟಿ ಮುಗಿಸಿ ರಾತ್ರಿ ಬರುವಾಗ ಸಿಸ್ಟರ್ ಸ್ಕೂಟರನ್ನು ಮಗು ಮಲಗುವ ಕಿಟಕಿಯ ಕೆಳಗೇ ತಂದು ನಿಲ್ಲಿಸುತ್ತಾರೆ. ಅದರ ಸೈಲೆನ್ಸರ್ ಒಡೆದಿದೆ.

ಕೋಲಿನ ವಿಷಯ ಸಿಸ್ಟರ್ ನನಗೆ ಹೇಳಿರಲಿಲ್ಲ. ಕೇಳಿದಾಗ ಕಣ್ಣು ಕೆಳಗೆ ಮಾಡಿದರು. ಅದನ್ನು ನಾನು ಎಳೆಯಲು ಹೋಗಲಿಲ್ಲ.

ಆ ವಾರ ಭಾನುವಾರ ಸಂಜೆ ಐದಕ್ಕೆ ಟೆರೇಸಿನ ಶೀಟಿನ ಕೆಳಗೆ ಎರಡೂ ಮನೆಯವರನ್ನು ಕೂರಿಸಿದೆ. ಒಬ್ಬರ ಮನೆಯಲ್ಲಿ ಕೂತರೆ ಇನ್ನೊಬ್ಬರು ಕರೆಸಿಕೊಂಡವರಂತೆ ಆಗುತ್ತಾರೆ. ಇನ್ನೊಂದು ವಿಷಯ ನಮ್ಮ ಕಾರವಾರದವರು ನೆನಪಿಡಬೇಕಾದದ್ದು. ಸಿಸ್ಟರ್ ಮನೆಮಾತು ಕೊಂಕಣಿ, ನನ್ನದೂ ಅದೇ. ಇಬ್ಬರೇ ಇದ್ದಾಗ ಕೊಂಕಣಿಯಲ್ಲೇ ಮಾತು. ಆದರೆ ಆ ದಿನ ಅವರು ಕೊಂಕಣಿಯಲ್ಲಿ ಏನೋ ಕೇಳಿದಾಗಲೂ ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಘಟ್ಟದ ಮೇಲಿಂದ ಬಂದವರ ಎದುರು ಅವರಿಗೆ ತಿಳಿಯದ ಭಾಷೆಯಲ್ಲಿ ಎರಡು ಮಾತಾಡಿದರೂ ಸಾಕು, ಅವರಿಗೆ ತಾವು ಹೊರಗಿನವರು ಅನಿಸಿಬಿಡುತ್ತದೆ.

ಮಾತು ಶುರು ಮಾಡಿದ್ದು ನನ್ನ ಪೈಪಿನಿಂದ. "ನಾಲ್ಕೂವರೆಯ ಸದ್ದು ನಮ್ಮದು. ಅದನ್ನು ನಾನು ಮೊದಲೇ ನೋಡಬೇಕಿತ್ತು. ಈಗ ಸರಿ ಮಾಡಿಸಿದ್ದೇನೆ." ಅದು ಮೇಲಿನವರದ್ದಲ್ಲ ಎಂದು ಅವರಿಬ್ಬರ ಎದುರೇ ತಿಳಿದದ್ದರಿಂದ ಸಿಸ್ಟರ್ ದನಿ ಇಳಿಯಿತು. ತಾವಾಗಿಯೇ, "ನಾನು ಕೋಲಲ್ಲಿ ಕುಟ್ಟಬಾರದಿತ್ತು. ಮಗು ಏಳ್ತದೆ ಅಂತ ಗೊತ್ತಾಗಲಿಲ್ಲ" ಎಂದರು. ಅಕ್ಕ ಅದಕ್ಕೆ, "ನೀವು ರಾತ್ರಿ ಪಾಳಿ ಮಾಡ್ತೀರಿ ಅಂತ ನಮಗೂ ಗೊತ್ತಿರಲಿಲ್ಲ. ಹಗಲು ಇವನು ಸೈಕಲ್ ಹೊಡೆಯುತ್ತಾನಲ್ಲ ಒಳಗೆ" ಎಂದರು.

ಈ ಮಾತಿನಿಂದ ಯಾರೂ ಯೋಚಿಸದ ಒಂದು ವಿಷಯ ಹೊರಬಂತು. ಸಿಸ್ಟರ್ ಡ್ಯೂಟಿ ವಾರವಾರ ಬದಲಾಗುತ್ತದೆ. ರಾತ್ರಿ ಪಾಳಿಯ ವಾರ ಬೆಳಿಗ್ಗೆ ಐದಕ್ಕೆ ಅವರು ಮನೆಯಲ್ಲೇ ಇರುವುದಿಲ್ಲ. ಅವರಿಗೆ ಸದ್ದಿಲ್ಲದೆ ಬೇಕಾದದ್ದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆ. "ಬೆಳಿಗ್ಗೆ ಸದ್ದು ಮಾಡಬೇಡಿ" ಎಂಬ ಒಂದೇ ನಿಯಮ ಮಾಡಿದ್ದರೆ ಅಕ್ಕನಿಗೆ ಅರ್ಧ ತಿಂಗಳು ಸುಮ್ನೆ ಕಷ್ಟ, ಸಿಸ್ಟರ್‌ಗೆ ಬೇಕಾದ ಹೊತ್ತಿಗೆ ಸೈಕಲ್. ಹಾಗಾಗಿ ಸಿಸ್ಟರ್ ಪ್ರತಿ ವಾರ ಡ್ಯೂಟಿ ಚೀಟಿ ಬಂದಾಗ ಅದರ ಫೋಟೋ ಅಕ್ಕನಿಗೆ ಕಳಿಸುವುದು, ಅಕ್ಕ ಅದನ್ನು ಫ್ರಿಜ್ ಮೇಲೆ ಬರೆದಿಡುವುದು ಎಂದಾಯಿತು.

ಒಪ್ಪಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದೆ. ಸಹಿ ಕೇಳಲಿಲ್ಲ, ಸಹಿ ಎಂದರೆ ಜನ ಮೈ ಬಿಗಿ ಹಿಡಿಯುತ್ತಾರೆ. ಮಿಕ್ಸಿಗೆ ಹೊಸ ಕಾಲು, ಆರರೊಳಗೆ ಹಾಕುವುದಿದ್ದರೆ ಹಾಲ್‌ನ ಮೇಜಿನ ಮೇಲೆ. ರಾತ್ರಿ ಪಾಳಿಯ ವಾರ ಒಂಬತ್ತರಿಂದ ಎರಡೂವರೆವರೆಗೆ ಸೈಕಲ್ ಟೆರೇಸಿನಲ್ಲಿ. ಸ್ಕೂಟರ್ ಗೇಟಿನ ಪಕ್ಕ ಆಫ್ ಮಾಡಿ ತಳ್ಳಿಕೊಂಡು ಬರುವುದು, ಸೈಲೆನ್ಸರ್ ರಿಪೇರಿ. ಕೋಲು ಇಲ್ಲ, ಸದ್ದಾದರೆ ಮೆಸೇಜ್, ಮೆಸೇಜ್‌ನಲ್ಲಿ ಗಂಟೆ ಮತ್ತು ಸದ್ದು ಮಾತ್ರ. ಹದಿನೈದು ದಿನ ನೋಡುವುದು. ಪೂರ್ತಿ ನಿಶ್ಶಬ್ದ ಎಂದು ಚೀಟಿಯಲ್ಲಿ ಎಲ್ಲೂ ಬರೆಯಲಿಲ್ಲ. ಮನೆಯಲ್ಲಿ ಜನ ಇದ್ದ ಮೇಲೆ ಅದು ಆಗುವುದಿಲ್ಲ. ಆಗದ್ದನ್ನು ಒಪ್ಪಿಸಿದರೆ ಮೊದಲ ವಾರವೇ ಯಾರಾದರೂ ಮಾತು ತಪ್ಪಿದಂತಾಗುತ್ತದೆ.

ಮೊದಲ ವಾರ

ನಾಲ್ಕನೇ ದಿನ ಸಿಸ್ಟರ್ ಫೋನ್ ಮಾಡಿದರು. "ಏನೂ ಬದಲಾಗಲಿಲ್ಲ. ಇವತ್ತೂ ಎಚ್ಚರ ಆಯ್ತು." ಇದು ಬಂದೇ ಬರುವ ಫೋನ್. ತಿಂಗಳುಗಟ್ಟಲೆ ಒಂದು ಸದ್ದಿಗೆ ಎದ್ದವರು ಆ ಹೊತ್ತಿಗೆ ತಾವಾಗಿಯೇ ಏಳುತ್ತಾರೆ, ಎದ್ದು ಅದಕ್ಕಾಗಿ ಕಾಯುತ್ತಾರೆ. ಕಾಯುವ ಕಿವಿಗೆ ಸಣ್ಣ ಗುಂಯ್ ಕೂಡ ದೊಡ್ಡದೇ. ನಾನು ಮೇಲಿನವರಿಗೆ ಏನೂ ಹೇಳಲಿಲ್ಲ. "ಮೊದಲು ಸದ್ದು ಕೇಳಿತಾ, ಮೊದಲು ಎಚ್ಚರ ಆಯ್ತಾ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಎಚ್ಚರ ಮೊದಲು" ಎಂದರು.

ಮೊದಲು ಸದ್ದು ಎಂದಿದ್ದರೆ ಮಿಕ್ಸಿ ಮತ್ತೆ ಕಟ್ಟೆಗೆ ಹೋಗಿದೆಯಾ ಎಂದು ನೋಡಬೇಕಿತ್ತು. ಮೊದಲು ಎಚ್ಚರ ಎಂದರೆ ದಿನ ಬೇಕು ಅಷ್ಟೇ. ಹದಿನೈದನೇ ದಿನ ಅವರ ಹಾಳೆ ತೆಗೆದು ನೋಡಿದೆವು. ಮೊದಲ ವಾರ ನಾಲ್ಕು ದಿನ ಎಚ್ಚರ ಎಂದು ಬರೆದಿತ್ತು, ಎರಡನೇ ವಾರ ಒಂದೇ ದಿನ. ಆ ದಿನ ಅಕ್ಕನ ಮನೆಗೆ ನೆಂಟರು ಬಂದಿದ್ದರು, ಬಂದವರೊಬ್ಬರು ಗೊತ್ತಿಲ್ಲದೆ ಕಟ್ಟೆಯ ಮೇಲೆ ಮಿಕ್ಸಿ ಹಾಕಿದ್ದರು.

ಎಲ್ಲ ಸದ್ದಿಗೂ ಈ ದಾರಿ ಹೊಂದುವುದಿಲ್ಲ. ಹೊಡೆತ, ಕಿರುಚಾಟ, ಹೆಂಗಸು ಅಥವಾ ಮಗು ಅಳುವ ಸದ್ದು ಮತ್ತೆ ಮತ್ತೆ ಬಂದರೆ ಅದು ಸದ್ದಿನ ದೂರು ಅಲ್ಲ, ಅಲ್ಲಿ ನಡುವೆ ಕೂತು ಮಾತಾಡಿಸಲು ಹೋಗಬಾರದು. ಕೂಡಲೇ 112ಕ್ಕೆ ಫೋನ್ ಮಾಡಬೇಕು. ಹೆಂಗಸರಿಗೆ 181, ಮಕ್ಕಳಿಗೆ 1098 ಇದೆ. ಬೇಕಂತಲೇ ರಾತ್ರಿ ಹಾಡು ಹಾಕಿ ಬೆದರಿಸುವವರ ಜೊತೆಯೂ ಚೀಟಿ ಬರೆದು ಪ್ರಯೋಜನವಿಲ್ಲ. ಅಲ್ಲಿ ಗೊತ್ತಿಲ್ಲದಿರುವುದು ಎಂಬ ಕಾರಣ ಇಲ್ಲ, ಮ್ಯಾಟ್ ಹಾಕಿದರೆ ಸರಿಯಾಗುವುದೂ ಅಲ್ಲ.

ಫೆಬ್ರವರಿಯಲ್ಲಿ ಬಾಡಿಗೆಗೆ ಹೋದಾಗ ಅಕ್ಕನ ಫ್ರಿಜ್ ಮೇಲೆ ಆ ವಾರದ ಡ್ಯೂಟಿ ಬರೆದಿತ್ತು, ಮಗನ ಅಕ್ಷರದಲ್ಲಿ. ಅದರ ಕೆಳಗೆ ಅವನೇ ಒಂದು ಸೈಕಲ್ ಬಿಡಿಸಿ ಅಡ್ಡಗೀಟು ಹಾಕಿದ್ದ. ನಡುವೆ ಒಮ್ಮೆ ಮಧ್ಯಾಹ್ನ ಮೇಲಿನ ಮನೆಯಲ್ಲಿ ಬಡಗಿ ಕೆಲಸ ಇತ್ತಂತೆ. ಅಕ್ಕ ಹಿಂದಿನ ದಿನವೇ ಮೆಸೇಜ್ ಮಾಡಿದ್ದರು, ಸಿಸ್ಟರ್ ಆ ದಿನ ಅಮ್ಮನ ಮನೆಗೆ ಹೋಗಿ ಮಲಗಿ ಬಂದಿದ್ದರು. ಅದೆಲ್ಲ ಆದದ್ದು ನನಗೆ ತಿಳಿದದ್ದೇ ಆಗ.